ವಿಯೆನ್ನಾಕ್ಕೆ ಒಂದು ಪೋಸ್ಟರ್, 85,000 ರೂಪಾಯಿ: ಪ್ರಯಾಣ ಅನುದಾನದ ಪತ್ರ ಬರೆಯುವ ಬಗೆ

ನನ್ನ ಮೊದಲ ಪ್ರಯಾಣ ಅನುದಾನದ ಅರ್ಜಿ ವಾಪಸ್ ಬಂದಾಗ ಅದರ ಮೇಲೆ ಒಂದೇ ಒಂದು ಗುರುತು ಇತ್ತು. ಖರ್ಚಿನ ಪಟ್ಟಿಯ ಕೊನೆಯಲ್ಲಿ ನಾನು 'ಇತರೆ ವೆಚ್ಚ: 20,000' ಎಂದು ಬರೆದಿದ್ದೆ. ಅದರ ಸುತ್ತ ಕೆಂಪು ಶಾಯಿಯ ಸುತ್ತು, ಪಕ್ಕದಲ್ಲಿ 'ಏನಿದು?' ಎಂಬ ಪ್ರಶ್ನೆ. ಸಂಶೋಧನೆಯ ಬಗ್ಗೆ ಎರಡು ಪುಟ ಬರೆದಿದ್ದೆ, ಅದರ ಬಗ್ಗೆ ಯಾರೂ ಏನೂ ಕೇಳಿರಲಿಲ್ಲ. ಸಿಟ್ಟು ಬಂತು. ಆಮೇಲೆ ಯೋಚಿಸಿದಾಗ ಆ ಪ್ರಶ್ನೆ ಸರಿಯಾಗಿಯೇ ಇದೆ ಅನ್ನಿಸಿತು. ನನಗೂ ಅದು ಏನು ಅಂತ ಗೊತ್ತಿರಲಿಲ್ಲ, ಸುಮ್ನೆ ಹಾಕಿದ್ದೆ.

ವಿದೇಶದ ಸಮ್ಮೇಳನದಲ್ಲಿ ಪ್ರಬಂಧ ಮಂಡಿಸಲು ವಿಶ್ವವಿದ್ಯಾಲಯದಿಂದ ಹಣ ಕೇಳುವ ಪಿಎಚ್‌ಡಿ ವಿದ್ಯಾರ್ಥಿಯ ಪತ್ರ ಹೇಗಿರಬೇಕು ಎಂದು ಒಂದು ಉದಾಹರಣೆ ಹಿಡಿದು ನೋಡೋಣ. ನಮ್ಮ ವಿದ್ಯಾರ್ಥಿನಿ ಕಲ್ಪಿತ, ಸಮ್ಮೇಳನ ನಿಜ. ಯುರೋಪಿಯನ್ ಜಿಯೋಸೈನ್ಸಸ್ ಯೂನಿಯನ್ ಪ್ರತಿವರ್ಷ ಏಪ್ರಿಲ್-ಮೇ ಹೊತ್ತಿಗೆ ಆಸ್ಟ್ರಿಯಾದ ವಿಯೆನ್ನಾದಲ್ಲಿ ಭೂವಿಜ್ಞಾನದ ದೊಡ್ಡ ಸಮ್ಮೇಳನ ನಡೆಸುತ್ತದೆ, ಸೋಮವಾರದಿಂದ ಶುಕ್ರವಾರದವರೆಗೆ. ನಮ್ಮ ವಿದ್ಯಾರ್ಥಿನಿ ಕರ್ನಾಟಕದ ಒಂದು ರಾಜ್ಯ ವಿಶ್ವವಿದ್ಯಾಲಯದ ಭೂವಿಜ್ಞಾನ ವಿಭಾಗದವಳು. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಕೋಲಾರದ ಕೆರೆಗಳಿಗೆ ಹರಿಯುತ್ತಿದೆಯಲ್ಲ, ಆ ಕೆರೆಗಳ ಸುತ್ತಲಿನ ಕೊಳವೆಬಾವಿಗಳ ನೀರನ್ನು ಅವಳು ಪರೀಕ್ಷಿಸಿದ್ದಾಳೆ. ಅದರ ಪೋಸ್ಟರ್ ಆಯ್ಕೆಯಾಗಿದೆ, ಸೋಮವಾರ ಮಧ್ಯಾಹ್ನ ಮಂಡನೆ.

ಪತ್ರವನ್ನು ಓದುವವರು ಯಾರು

ಕುಲಸಚಿವರಿಗೆ ಬರೆದ ಪತ್ರವನ್ನು ಮೊದಲು ಓದುವುದು ಕುಲಸಚಿವರಲ್ಲ. ಅದು ಶಾಖೆಯ ವಿಷಯ ನಿರ್ವಾಹಕರ ಮೇಜಿಗೆ ಹೋಗುತ್ತದೆ. ಅವರು ಕಡತ ತೆರೆದು ಟಿಪ್ಪಣಿ ಬರೆಯುತ್ತಾರೆ: ಯಾರು, ಎಲ್ಲಿಗೆ, ಯಾಕೆ, ಎಷ್ಟು ಕೇಳಿದ್ದಾರೆ, ಉಳಿದದ್ದು ಎಲ್ಲಿಂದ. ಆ ಟಿಪ್ಪಣಿ ಮೇಲೆ ಹೋಗುತ್ತದೆ, ಹಣಕಾಸು ಅಧಿಕಾರಿಯ ಬಳಿ ನಿಲ್ಲುತ್ತದೆ, ಪ್ರಶ್ನೆ ಬಂದರೆ ಕೆಳಗೆ ಇಳಿಯುತ್ತದೆ. ಪ್ರತಿ ಪ್ರಶ್ನೆಗೂ ವಾರಗಳು ಹೋಗುತ್ತವೆ.

ಹಾಗಾಗಿ ವಿಷಯ ನಿರ್ವಾಹಕರು ನಿಮ್ಮ ವಾಕ್ಯವನ್ನು ಹಾಗೇ ಎತ್ತಿ ಟಿಪ್ಪಣಿಗೆ ಹಾಕಿಕೊಳ್ಳುವಂತೆ ಬರೆಯಬೇಕು. ಅವರು ಭೂವಿಜ್ಞಾನ ಓದಿದವರಲ್ಲ, ಆದರೆ ಲೆಕ್ಕ ಚೆನ್ನಾಗಿ ಬಲ್ಲವರು. ರಾಜ್ಯ ವಿಶ್ವವಿದ್ಯಾಲಯಗಳಲ್ಲಿ ಕನ್ನಡದಲ್ಲೇ ಪತ್ರ ಕೊಡಬಹುದು. ಟಿಪ್ಪಣಿಯೂ ಕನ್ನಡದಲ್ಲೇ ಬರೆಯುವುದರಿಂದ ಅವರಿಗೂ ಸುಲಭ. ದಿಲ್ಲಿಯ ಸಂಸ್ಥೆಗಳಿಗಾದರೆ ಇಂಗ್ಲಿಷ್ ಬೇಕು, ಲೆಕ್ಕದ ದಾರಿ ಮಾತ್ರ ಇದೇ.

ಪತ್ರಕ್ಕೆ ಮೊದಲು ಲೆಕ್ಕ

ಹೆಚ್ಚಿನವರು ಪತ್ರ ಬರೆದು ಮುಗಿಸಿ, ಕೊನೆಯ ರಾತ್ರಿ ಖರ್ಚಿನ ಪಟ್ಟಿ ಸೇರಿಸುತ್ತಾರೆ. ಉಲ್ಟಾ ಮಾಡಿ. ಮೊದಲು ಒಂದು ಹಾಳೆಯಲ್ಲಿ ಪೂರ್ತಿ ಪ್ರವಾಸದ ಖರ್ಚು ಬರೆಯಿರಿ. ವಿಶ್ವವಿದ್ಯಾಲಯ ಕೊಡುವುದು ಮಾತ್ರವಲ್ಲ, ಎಲ್ಲವೂ ಬರಬೇಕು. ಕೆಳಗಿನ ಅಂಕಿಗಳು ದಾರಿ ತೋರಿಸಲು ಹಾಕಿದವು, ಲೆಕ್ಕ ಸುಲಭವಾಗಲಿ ಎಂದು ಒಂದು ಯೂರೋಗೆ 100 ರೂಪಾಯಿ ಹಿಡಿದಿದ್ದೇನೆ. ನೀವು ಬರೆಯುವಾಗ ಆ ದಿನದ ದರ, ಆ ದಿನಾಂಕ, ದರ ಎಲ್ಲಿಂದ ತೆಗೆದದ್ದು ಎಂಬ ಮೂರನ್ನೂ ಪಟ್ಟಿಯ ಮೇಲೇ ಬರೆಯಿರಿ. ಇಲ್ಲದಿದ್ದರೆ ಎರಡು ತಿಂಗಳ ನಂತರ ಬಿಲ್ಲು ಕೊಟ್ಟಾಗ 'ಆಗ ಅಷ್ಟು, ಈಗ ಯಾಕೆ ಇಷ್ಟು' ಎಂದು ಕೇಳಿದರೆ ತೋರಿಸಲು ನಿಮ್ಮ ಬಳಿ ಏನೂ ಇರುವುದಿಲ್ಲ.

ನಮ್ಮ ವಿದ್ಯಾರ್ಥಿನಿಯ ಹಾಳೆ ಹೀಗಿದೆ. ನೋಂದಣಿ ಶುಲ್ಕ 30,000. ಬೆಂಗಳೂರು-ವಿಯೆನ್ನಾ ಹೋಗಿ ಬರುವ ಟಿಕೆಟ್ 72,000. ವೀಸಾ 11,500. ಪ್ರಯಾಣ ವಿಮೆ 1,500. ಆರು ರಾತ್ರಿ ವಸತಿ 33,000. ಆರು ದಿನದ ಊಟ 18,000. ನಗರ ಸಾರಿಗೆ ಪಾಸ್ 3,000. ಪೋಸ್ಟರ್ ಮುದ್ರಣ 1,000. ಒಟ್ಟು 1,70,000.

ಇಷ್ಟಕ್ಕೇ ನಿಲ್ಲಿಸಿದರೆ ಇದು ಬರೀ ಬೆಲೆ ಪಟ್ಟಿ. ಪ್ರತಿ ಅಂಕಿಯ ಮುಂದೆ ಎರಡು ಪ್ರಶ್ನೆಗೆ ಉತ್ತರ ಇರಬೇಕು: ಈ ಮೊತ್ತ ಹೇಗೆ ಬಂತು? ಇದಕ್ಕಿಂತ ಕಡಿಮೆಯಲ್ಲಿ ಯಾಕೆ ಆಗುವುದಿಲ್ಲ? ಎರಡನೆಯದನ್ನು ಬಹಳ ಜನ ಬರೆಯುವುದೇ ಇಲ್ಲ.

ಟಿಕೆಟ್‌: ಅತಿ ಅಗ್ಗದ್ದು ಯಾಕೆ ಬೇಡ

ದೊಡ್ಡ ಮೊತ್ತ ಟಿಕೆಟ್‌ನದೇ, ಹಾಗಾಗಿ ಪ್ರಶ್ನೆಯೂ ಅಲ್ಲೇ ಹೆಚ್ಚು. ಒಂದೇ ದಿನ, ಒಂದೇ ಹೊತ್ತಿನಲ್ಲಿ ಮೂರು ದರ ತೆಗೆದುಕೊಳ್ಳಿ. ಅವಳಿಗೆ ಸಿಕ್ಕಿದ್ದು ಇವು: ಫ್ರಾಂಕ್‌ಫರ್ಟ್ ಮೂಲಕ 78,500, ಕೊಲ್ಲಿ ದೇಶದ ಒಂದು ನಿಲ್ದಾಣದ ಮೂಲಕ 72,000, ಎರಡು ಕಡೆ ವಿಮಾನ ಬದಲಿಸುವ ಇನ್ನೊಂದು 64,000.

64,000 ಬಿಟ್ಟು 72,000 ಕೇಳಿದರೆ ಹಣಕಾಸು ಶಾಖೆಯವರು ಕಣ್ಣು ಹಾಯಿಸಿಯೇ ಹಾಯಿಸುತ್ತಾರೆ. ಅವಳ ಉತ್ತರ ಒಂದೇ ವಾಕ್ಯದ್ದು: '64,000 ರೂಪಾಯಿಯ ವಿಮಾನ ಸೋಮವಾರ ಮಧ್ಯಾಹ್ನ 2ಕ್ಕೆ ವಿಯೆನ್ನಾ ತಲುಪುತ್ತದೆ, ನನ್ನ ಪೋಸ್ಟರ್ ಮಂಡನೆ ಅದೇ ದಿನ 2ಕ್ಕೆ ಶುರುವಾಗುತ್ತದೆ.' 'ಅನುಕೂಲಕರ ವಿಮಾನ' ಎಂದು ಬರೆದಿದ್ದರೆ ಸೋಲುತ್ತಿತ್ತು. ಯಾರ ಅನುಕೂಲ ಅಂತ ಕೇಳುತ್ತಾರೆ ಅಲ್ವಾ?

ಅಗ್ಗದ ದರದಲ್ಲಿ ಇನ್ನೊಂದು ತೊಡಕು ಅಡಗಿರುತ್ತದೆ. ಕೆಲವು ಜಾಲತಾಣಗಳು ಬೇರೆ ಬೇರೆ ಕಂಪನಿಗಳ ಎರಡು ಟಿಕೆಟ್‌ಗಳನ್ನು ಜೋಡಿಸಿ ಒಂದೇ ಪ್ರಯಾಣದಂತೆ ತೋರಿಸುತ್ತವೆ. ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ ಎರಡನೇ ಕಂಪನಿಗೆ ಹೊಣೆ ಇರುವುದಿಲ್ಲ, ಹೊಸ ಟಿಕೆಟ್ ನಿಮ್ಮ ಜೇಬಿನಿಂದ. ಎರಡು ಬುಕಿಂಗ್ ಸಂಖ್ಯೆ ಕಂಡರೆ ಹಾಗಿರಬಹುದು, ವಿಚಾರಿಸಿ ನೋಡಿ. ಅಂಥ ದರವನ್ನು ಹೋಲಿಕೆಗೆ ಬಳಸುವುದಾದರೆ ಇದನ್ನೂ ಒಂದು ಸಾಲಿನಲ್ಲಿ ಹೇಳಿಬಿಡಿ.

ಮೂರೂ ದರಗಳ ಸ್ಕ್ರೀನ್‌ಶಾಟ್ ದಿನಾಂಕ ಕಾಣುವಂತೆ ಲಗತ್ತಿಸಿ. ಆದರೆ ಟಿಕೆಟ್ ಕೊಳ್ಳುವ ಮೊದಲು ಹಣ ಯಾವ ಮೂಲದ್ದು ಎಂದು ಕೇಳಿಕೊಳ್ಳಿ. ಕೇಂದ್ರ ಸರ್ಕಾರದ ಹಣದಲ್ಲಿ ಹೋಗುವವರಿಗೆ ಸಾಮಾನ್ಯವಾಗಿ ಬಾಮರ್ ಲಾರಿ, ಅಶೋಕ್ ಟ್ರಾವೆಲ್ಸ್, ಐಆರ್‌ಸಿಟಿಸಿ ಈ ಮೂರರಲ್ಲೇ ಟಿಕೆಟ್ ಮಾಡಿಸಬೇಕೆಂಬ ನಿಯಮ ಅನ್ವಯಿಸುತ್ತದೆ. ಬೇರೆ ತಾಣದಲ್ಲಿ ಎರಡು ಸಾವಿರ ಉಳಿಸಿ, ಆಮೇಲೆ ಪೂರ್ತಿ ಬಿಲ್ಲು ತಿರಸ್ಕೃತವಾದವರನ್ನು ನೋಡಿದ್ದೇನೆ. ಅರ್ಜಿಗೆ ಹಾಕುವ ದರವೂ ಅಲ್ಲಿಂದಲೇ ಬಂದಿದ್ದರೆ ಒಳ್ಳೆಯದು.

ಪೋಸ್ಟರ್ ಸೋಮವಾರ, ಆರು ರಾತ್ರಿ ಯಾಕೆ

ಇದು ಬಂದೇ ಬರುವ ಪ್ರಶ್ನೆ. ಸೋಮವಾರ ಮಂಡನೆ ಮುಗಿದರೆ ಮಂಗಳವಾರ ಹೊರಡಬಹುದಲ್ಲ? 'ಇತರ ಉಪನ್ಯಾಸಗಳಲ್ಲಿ ಭಾಗವಹಿಸಲು' ಎಂದರೆ ಸಾಲದು. ಕಾರ್ಯಕ್ರಮ ಪಟ್ಟಿ ತೆರೆದು ನಿಮಗೆ ನಿಜವಾಗಿ ಬೇಕಾದ ಎರಡೇ ಎರಡು ಗೋಷ್ಠಿ ಹೆಸರಿಸಿ. ನಮ್ಮ ವಿದ್ಯಾರ್ಥಿನಿ ಬುಧವಾರದ ಅಂತರ್ಜಲ ಮರುಪೂರಣದ ಗೋಷ್ಠಿ, ಶುಕ್ರವಾರ ಬೆಳಿಗ್ಗೆಯ ಐಸೋಟೋಪ್ ತರಬೇತಿ ಬರೆದಳು. ಎರಡನೆಯದಕ್ಕೆ ಕಾರಣವೂ ಇದೆ: ಕೊಳವೆಬಾವಿಯ ನೀರಿನಲ್ಲಿ ಕೆರೆಯ ಪಾಲು ಎಷ್ಟು, ಮಳೆಯ ಪಾಲು ಎಷ್ಟು ಎಂದು ಬೇರ್ಪಡಿಸಲು ಆಮ್ಲಜನಕ ಮತ್ತು ಹೈಡ್ರೋಜನ್‌ನ ಐಸೋಟೋಪ್, ಅಂದರೆ ಒಂದೇ ಧಾತುವಿನ ತೂಕ ಬೇರೆಯಾದ ಪರಮಾಣುಗಳ ಅಳತೆ ಬೇಕು. ಕೆರೆಯಲ್ಲಿ ನಿಂತು ಆವಿಯಾದ ನೀರಿನಲ್ಲಿ ಭಾರದ ಐಸೋಟೋಪ್ ಜಾಸ್ತಿ ಉಳಿಯುತ್ತದೆ, ಆ ಗುರುತು ಕೊಳವೆಬಾವಿಯವರೆಗೆ ಬರುತ್ತದೆ. ಅವಳ ಪಿಎಚ್‌ಡಿ ಪ್ರಬಂಧದ ಕೊನೆಯ ಅಧ್ಯಾಯ ಅದರ ಮೇಲೆಯೇ ನಿಂತಿದೆ.

ಭಾನುವಾರ ಮಧ್ಯಾಹ್ನ ತಲುಪಿ ಶನಿವಾರ ಬೆಳಿಗ್ಗೆ ಹೊರಟರೆ ಆರು ರಾತ್ರಿ. ರಾತ್ರಿಗೆ 55 ಯೂರೋ, ಒಟ್ಟು 330. ಹಂಚಿಕೊಂಡ ಕೋಣೆ ಎಂದು ಸ್ಪಷ್ಟವಾಗಿ ಬರೆಯಿರಿ. ಅದು ಕಡಿಮೆ ದರದ ಸಾಕ್ಷಿ. ಊಟಕ್ಕೆ ದಿನಕ್ಕೆ 30 ಯೂರೋ. ಇವಕ್ಕೆ ಹೆಚ್ಚು ವಿವರಣೆ ಬೇಡ.

ಒಂದು ಎಚ್ಚರಿಕೆ. ಹೇಗೂ ಹೋಗಿರುತ್ತೇನೆ, ಪ್ರಾಗ್ ನೋಡಿಕೊಂಡು ಬರೋಣ ಅನ್ನಿಸಿದರೆ ತಪ್ಪಲ್ಲ. ಆದರೆ ಅದನ್ನು ಪತ್ರದಲ್ಲಿ ಮುಚ್ಚಿಡಬೇಡಿ. ಆ ದಿನಗಳು ಸ್ವಂತ ಖರ್ಚಿನವು ಎಂದು ಬರೆಯಿರಿ. ಸಮ್ಮೇಳನ ಮುಗಿದ ಮರುದಿನದ ಟಿಕೆಟ್ ದರವನ್ನೂ ತೋರಿಸಿ, ಅದಕ್ಕಿಂತ ಜಾಸ್ತಿ ಕೇಳಬೇಡಿ.

ವೀಸಾ ಮತ್ತು ವಿಮೆ

ಆಸ್ಟ್ರಿಯಾಕ್ಕೆ ಹೋಗಲು ಬೇಕಾದ ಷೆಂಗೆನ್ ವೀಸಾ ಶುಲ್ಕ ವಯಸ್ಕರಿಗೆ 90 ಯೂರೋ, 2024ರ ಜೂನ್‌ನಿಂದ. ಅಂದರೆ ನಮ್ಮ ಲೆಕ್ಕದಲ್ಲಿ 9,000, ಮೇಲೆ ಅರ್ಜಿ ಕೇಂದ್ರದ ಸೇವಾ ಶುಲ್ಕ ಎಂದು ಇಲ್ಲಿ 2,500 ಹಿಡಿದಿದೆ. ಎರಡನ್ನೂ ಬೇರೆ ಬೇರೆ ಸಾಲಿನಲ್ಲಿ ತೋರಿಸಿ. ಇಲ್ಲದಿದ್ದರೆ 'ವೀಸಾ 9,000 ಅಷ್ಟೇ ಅಲ್ವಾ' ಎಂದು ಉಳಿದದ್ದನ್ನು ಕಡಿತ ಮಾಡುತ್ತಾರೆ. ವಿಮೆ ಐಷಾರಾಮವಲ್ಲ. ಕನಿಷ್ಠ 30,000 ಯೂರೋ ಮೊತ್ತದ ವೈದ್ಯಕೀಯ ವಿಮೆ ಇಲ್ಲದೆ ಷೆಂಗೆನ್ ವೀಸಾ ಕೊಡುವುದಿಲ್ಲ. ಈ ಕಾರಣವನ್ನು ಪಟ್ಟಿಯಲ್ಲೇ ಬರೆಯಿರಿ.

ವೀಸಾ ಅರ್ಜಿ ಹಾಕಲು ಪ್ರಯಾಣಕ್ಕೆ ಆರು ತಿಂಗಳಿಗಿಂತ ಮೊದಲು ಆಗುವುದಿಲ್ಲ, 15 ದಿನಕ್ಕಿಂತ ತಡವಾಗಿಯೂ ಆಗುವುದಿಲ್ಲ. ಬೇಸಿಗೆ ರಜೆಯ ಮುಂಚೆ ಅಪಾಯಿಂಟ್‌ಮೆಂಟ್ ಸಿಗುವುದೇ ಕಷ್ಟ. ಮಂಜೂರಾತಿ ಪತ್ರ ಕೈಯಲ್ಲಿದ್ದರೆ ವೀಸಾಕ್ಕೂ ಅದೇ ಖರ್ಚಿನ ಆಧಾರ. ಹಾಗಾಗಿ ಪ್ರಯಾಣಕ್ಕೆ ನಾಲ್ಕು ತಿಂಗಳ ಮೊದಲೇ ಅನುದಾನದ ಅರ್ಜಿ ಕೊಡುವುದು ನನ್ನ ಲೆಕ್ಕ. ವೀಸಾ ನಿರಾಕರಿಸಿದರೆ ಆ ಶುಲ್ಕ ವಾಪಸ್ ಬರುವುದಿಲ್ಲ, ಅದನ್ನು ಯಾರು ಭರಿಸಬೇಕು ಎಂದು ಮೊದಲೇ ಒಂದು ವಾಕ್ಯ ಹಾಕಿ.

ಯಾರು ಎಷ್ಟು

ಈಗ 1,70,000ವನ್ನು ಹಂಚಬೇಕು. ಎಲ್ಲರ ಬಳಿಯೂ ಎಲ್ಲವನ್ನೂ ಕೇಳುವುದು ದೊಡ್ಡ ತಪ್ಪು. ಒಂದು ಸಾಲು ಒಬ್ಬರಿಗೆ ಮಾತ್ರ. ಸಾಲುಗಳನ್ನು ಹಂಚಿ, ಶೇಕಡಾವಾರು ಹಂಚಬೇಡಿ. ಟಿಕೆಟ್‌ನ ಅರ್ಧ ಇಲ್ಲಿ, ಅರ್ಧ ಅಲ್ಲಿ ಎಂದರೆ ಮೂಲ ಟಿಕೆಟ್ ಮತ್ತು ಬೋರ್ಡಿಂಗ್ ಪಾಸ್ ಇಬ್ಬರಿಗೂ ಬೇಕು, ನಿಮ್ಮ ಬಳಿ ಇರುವುದು ಒಂದೇ.

ನಮ್ಮ ವಿದ್ಯಾರ್ಥಿನಿಗೆ ಸಮ್ಮೇಳನದವರೇ ನೋಂದಣಿ ಶುಲ್ಕ ಮನ್ನಾ ಮಾಡಿದ್ದಾರೆ: 30,000. ಯುವ ಸಂಶೋಧಕರಿಗಾಗಿ ಇರುವ ಆ ನೆರವಿಗೆ ಸಾಮಾನ್ಯ ಗಡುವಿಗಿಂತ ಮೊದಲೇ ಸಾರಾಂಶ ಕಳಿಸಬೇಕು, ಅವಳು ಕಳಿಸಿದ್ದಳು. ವಸತಿಯ 33,000 ಮಾರ್ಗದರ್ಶಕರ ಯೋಜನೆಯಿಂದ. ಊಟ, ನಗರ ಸಾರಿಗೆ, ಪೋಸ್ಟರ್ ಸೇರಿ 22,000 ಸ್ವಂತ. ಉಳಿದದ್ದು ಟಿಕೆಟ್, ವೀಸಾ, ವಿಮೆ: 72,000 + 11,500 + 1,500, ಅಂದರೆ 85,000. ಇದೇ ವಿಶ್ವವಿದ್ಯಾಲಯದಿಂದ ಕೇಳುವ ಮೊತ್ತ, ಒಟ್ಟು ಖರ್ಚಿನ ಸರಿಯಾಗಿ ಅರ್ಧ. ಈ ಮೂರೂ ದಾಖಲೆ ಸುಲಭವಾಗಿ ಸಿಗುವ ಖರ್ಚುಗಳು. ಊಟದ ರಸೀದಿ ಹಿಡಿದು ಓಡಾಡುವ ಕೆಲಸವನ್ನು ಅವಳು ತನ್ನ ಜೇಬಿಗೆ ಇಟ್ಟುಕೊಂಡಳು, ಜಾಣತನ.

ಇನ್ನೊಂದು ಕಡೆಯೂ ಅರ್ಜಿ ಹಾಕಿದ್ದರೆ, ಉದಾಹರಣೆಗೆ ಹಿಂದೆ ಎಸ್‌ಇಆರ್‌ಬಿ ಆಗಿದ್ದು ಈಗ ಎಎನ್‌ಆರ್‌ಎಫ್ ಆಗಿರುವ, ಸಂಶೋಧನೆಗೆ ಹಣ ಕೊಡುವ ಕೇಂದ್ರ ಸಂಸ್ಥೆಗೆ, ಅದನ್ನು ಬರೆಯಲೇಬೇಕು. 'ಅಲ್ಲಿ ಮಂಜೂರಾದರೆ ಇಲ್ಲಿಯ ಮೊತ್ತ ಬಿಟ್ಟುಕೊಡುತ್ತೇನೆ' ಎಂಬ ಮುಚ್ಚಳಿಕೆ ಸಾಕು. ಮುಚ್ಚಿಟ್ಟು ಎರಡು ಕಡೆ ಒಂದೇ ಟಿಕೆಟ್‌ಗೆ ಹಣ ಪಡೆದರೆ ಅದು ದುರುಪಯೋಗ, ಲೆಕ್ಕಪರಿಶೋಧನೆಯಲ್ಲಿ ಸಿಕ್ಕಿಬೀಳುತ್ತದೆ.

ಸಂಶೋಧನೆಗೆ ಐದು ವಾಕ್ಯ

ಮೊದಲ ಕರಡಿನಲ್ಲಿ ಅವಳು ಬರೆದದ್ದು: 'ನಗರ ತ್ಯಾಜ್ಯಜಲ ಆಧಾರಿತ ಮರುಪೂರಣದಿಂದ ಗಡಸು ಶಿಲಾ ಜಲಧರಗಳಲ್ಲಾಗುವ ಜಲರಾಸಾಯನಿಕ ಪರಿವರ್ತನೆಗಳ ಅಧ್ಯಯನ.' ಇದು ಸಾರಾಂಶದ ತಲೆಬರಹ, ಕಡತಕ್ಕೆ ಉಪಯೋಗವಿಲ್ಲ. ಎಷ್ಟು ಬಾವಿ, ಎಷ್ಟು ವರ್ಷ, ಏನು ಕಂಡಿತು, ಅದನ್ನು ಅಲ್ಲಿಯೇ ಯಾಕೆ ತೋರಿಸಬೇಕು ಎಂದು ಬರೆದರೆ ಯಾರಿಗೂ ಅರ್ಥವಾಗುತ್ತದೆ. 'ಜ್ಞಾನ ವಿನಿಮಯ', 'ವಿಶ್ವವಿದ್ಯಾಲಯದ ಕೀರ್ತಿ' ಇಂಥವು ಎಲ್ಲರ ಅರ್ಜಿಯಲ್ಲೂ ಇರುತ್ತವೆ. ಅವನ್ನು ಬಿಡಿ.

ಪತ್ರ

ಇವರಿಂದ: ಸಂಶೋಧನಾ ವಿದ್ಯಾರ್ಥಿನಿ, ಭೂವಿಜ್ಞಾನ ವಿಭಾಗ
ಇವರಿಗೆ: ಮಾನ್ಯ ಕುಲಸಚಿವರು
ಇವರ ಮೂಲಕ: ಮಾರ್ಗದರ್ಶಕರು ಮತ್ತು ವಿಭಾಗದ ಮುಖ್ಯಸ್ಥರು

ಮಾನ್ಯರೆ,

ವಿಷಯ: ವಿಯೆನ್ನಾದ ಸಮ್ಮೇಳನದಲ್ಲಿ ಪೋಸ್ಟರ್ ಮಂಡಿಸಲು 85,000 ರೂ. ಪ್ರಯಾಣ ಅನುದಾನ ಕೋರಿ.

ಯುರೋಪಿಯನ್ ಜಿಯೋಸೈನ್ಸಸ್ ಯೂನಿಯನ್ ಸಮ್ಮೇಳನದಲ್ಲಿ ನನ್ನ ಪೋಸ್ಟರ್ ಆಯ್ಕೆಯಾಗಿದೆ (ಆಯ್ಕೆ ಪತ್ರ: ಲಗತ್ತು 1). ನಾನೇ ಮೊದಲ ಲೇಖಕಿ, ಮಂಡಿಸುವವಳೂ ನಾನೇ. ಮಂಡನೆ ಸೋಮವಾರ ಮಧ್ಯಾಹ್ನ 2ಕ್ಕೆ.

ಕೆ.ಸಿ. ವ್ಯಾಲಿ ನೀರು ತುಂಬಿದ ಕೋಲಾರದ ಕೆರೆಗಳ ಸುತ್ತಲಿನ 40 ಕೊಳವೆಬಾವಿಗಳ ನೀರನ್ನು ಎರಡು ವರ್ಷ, ಮಳೆಗಾಲದ ಮೊದಲು ಮತ್ತು ನಂತರ ಪರೀಕ್ಷಿಸಿದ್ದೇನೆ. ಕೆರೆಗೆ ಹತ್ತಿರದ ಬಾವಿಗಳಲ್ಲಿ ನೀರಿನ ಮಟ್ಟ ಏರಿದೆ, ಜೊತೆಗೆ ನೈಟ್ರೇಟ್ ಕೂಡ ಏರಿದೆ. ಈ ನೈಟ್ರೇಟ್ ಕೆರೆಯಿಂದ ಬಂದಿದೆಯೋ, ಹೊಲದ ಗೊಬ್ಬರದಿಂದಲೋ ಎಂಬುದನ್ನು ಬೇರ್ಪಡಿಸುವುದು ನನ್ನ ಪ್ರಬಂಧದ ಕೊನೆಯ ಅಧ್ಯಾಯ. ಇದೇ ಕೆಲಸ ಮಾಡುತ್ತಿರುವವರು ಬುಧವಾರದ ಮರುಪೂರಣ ಗೋಷ್ಠಿಯಲ್ಲಿದ್ದಾರೆ, ಅದರ ವಿಧಾನದ ತರಬೇತಿ ಶುಕ್ರವಾರ ಇದೆ. ಹಾಗಾಗಿ ಐದೂ ದಿನ ಉಳಿಯುವುದು ಅಗತ್ಯ.

ಒಟ್ಟು ಖರ್ಚು 1,70,000 ರೂ. (ದರ ಮತ್ತು ದಿನಾಂಕ ಲಗತ್ತು 2ರಲ್ಲಿದೆ). ಇದರಲ್ಲಿ:

| ಬಾಬು | ರೂ. | ಭರಿಸುವವರು |
|---|---|---|
| ನೋಂದಣಿ | 30,000 | ಸಮ್ಮೇಳನ (ಮನ್ನಾ) |
| ವಸತಿ, 6 ರಾತ್ರಿ, ಹಂಚಿಕೊಂಡ ಕೋಣೆ | 33,000 | ಮಾರ್ಗದರ್ಶಕರ ಯೋಜನೆ |
| ಊಟ, ನಗರ ಸಾರಿಗೆ, ಪೋಸ್ಟರ್ | 22,000 | ಸ್ವಂತ |
| ವಿಮಾನ ಟಿಕೆಟ್, ಇಕಾನಮಿ | 72,000 | ಈ ಅರ್ಜಿ |
| ವೀಸಾ ಶುಲ್ಕ | 9,000 | ಈ ಅರ್ಜಿ |
| ವೀಸಾ ಸೇವಾ ಶುಲ್ಕ | 2,500 | ಈ ಅರ್ಜಿ |
| ವೀಸಾಕ್ಕೆ ಕಡ್ಡಾಯವಾದ ವಿಮೆ | 1,500 | ಈ ಅರ್ಜಿ |

ಮೂರು ವಿಮಾನ ದರ ಲಗತ್ತು 3ರಲ್ಲಿದೆ. 64,000 ರೂ. ದರದ ವಿಮಾನ ಸೋಮವಾರ ಮಧ್ಯಾಹ್ನ 2ಕ್ಕೆ ತಲುಪುವುದರಿಂದ ಮಂಡನೆ ತಪ್ಪುತ್ತದೆ. ಅದರ ನಂತರದ ಕಡಿಮೆ ದರವನ್ನು ಕೋರಿದ್ದೇನೆ. ಭಾಗಶಃ ಅನುದಾನ ಮಾತ್ರ ಸಾಧ್ಯವಾದರೆ ಮೊದಲು ಟಿಕೆಟ್‌ಗೆ ಪರಿಗಣಿಸಲು ಕೋರುತ್ತೇನೆ, ವೀಸಾ ಮತ್ತು ವಿಮೆಯ 13,000 ರೂ. ನಾನು ಭರಿಸಬಲ್ಲೆ. ವೀಸಾ ಸಿಗದಿದ್ದರೆ ಅದರ ಶುಲ್ಕವನ್ನು ಕೋರುವುದಿಲ್ಲ.

ಈ ನಾಲ್ಕು ಬಾಬುಗಳಿಗೆ ಬೇರೆಲ್ಲೂ ಅರ್ಜಿ ಹಾಕಿಲ್ಲ. ಹಿಂತಿರುಗಿದ 30 ದಿನದಲ್ಲಿ ಬಿಲ್ಲುಗಳನ್ನು ಸಲ್ಲಿಸಿ, ವಿಭಾಗದಲ್ಲಿ ಒಂದು ಉಪನ್ಯಾಸ ನೀಡುತ್ತೇನೆ.

ವಂದನೆಗಳೊಂದಿಗೆ.

ಕೊಟ್ಟ ಮೇಲೆ

ಪತ್ರದಲ್ಲಿರುವ 'ಭಾಗಶಃ' ಎಂಬ ವಾಕ್ಯ ಬಿಡಬೇಡಿ. ನಿಧಿ ಕಡಿಮೆ ಇದ್ದಾಗ ಶಾಖೆಯವರು ಇಡೀ ಅರ್ಜಿಯನ್ನು ತಳ್ಳುವ ಬದಲು 72,000ಕ್ಕೆ ಟಿಪ್ಪಣಿ ಹಾಕಲು ಅದು ದಾರಿ ಮಾಡಿಕೊಡುತ್ತದೆ. ಎಷ್ಟು ಕಡಿತವಾದರೂ ಹೋಗುತ್ತೇನೆ ಎಂದು ಮಾತ್ರ ಬರೆಯಬೇಡಿ. ಹಾಗಾದರೆ ಹಣವೇ ಬೇಡವಲ್ಲ ಎಂದುಕೊಳ್ಳುತ್ತಾರೆ.

ಸ್ವೀಕೃತಿ ಮುದ್ರೆ ಹಾಕಿಸಿಕೊಂಡ ಪ್ರತಿ ಇಟ್ಟುಕೊಳ್ಳಿ. ಎರಡು ವಾರದ ನಂತರ ಕಡತ ಸಂಖ್ಯೆ ಕೇಳಿ, ಆಮೇಲೆ ವಿಚಾರಿಸುವಾಗಲೆಲ್ಲ ಆ ಸಂಖ್ಯೆ ಹೇಳಿ. ಹಣ ಮುಂಗಡವೋ, ಮರುಪಾವತಿಯೋ ಎಂದೂ ಆಗಲೇ ತಿಳಿದುಕೊಳ್ಳಿ. ಬಹಳ ಕಡೆ ಮರುಪಾವತಿಯೇ, ಅಂದರೆ 85,000 ಮೊದಲು ನೀವೇ ಹೊಂದಿಸಬೇಕು.

ಹೋಗುವ ಮತ್ತು ಬರುವ ಎಲ್ಲ ಬೋರ್ಡಿಂಗ್ ಪಾಸ್‌ಗಳನ್ನು ಕಾಪಾಡಿ, ವಿಮಾನ ಬದಲಿಸುವ ನಿಲ್ದಾಣದ್ದನ್ನೂ. ಫೋನಿನಲ್ಲಿ ತೋರಿಸಿ ಹತ್ತಿದರೆ ಕೌಂಟರಿನಲ್ಲಿ ಕಾಗದದ್ದೂ ಕೇಳಿ ಪಡೆಯಿರಿ. ಅದನ್ನು ಅದೇ ದಿನ ಫೋಟೋ ತೆಗೆದಿಡಿ. ಆ ಕಾಗದದ ಅಚ್ಚು ಬಿಸಿಲಿಗೆ ಮಾಸುತ್ತದೆ, ಬಿಲ್ಲು ಕೊಡುವ ಹೊತ್ತಿಗೆ ಬಿಳಿ ಚೀಟಿ ಮಾತ್ರ ಉಳಿದಿರುತ್ತದೆ.